ದೀಪಾವಳಿಗೆ ಬಾಣಂತಿಯಾದ ನಮ್ಮ ಚುಕ್ಕಿ

ಕಳೆದ ದೀಪಾವಳಿಗೆ, ನೀರು ತುಂಬುವ ಹಬ್ಬದ ಸಂಜೆ, ಎಡಿಸನ್‌ನ ನಮ್ಮ ಮನೆಯಲ್ಲಿ ಅಮ್ಮನ ಶಾಲು ಕಾಣೆಯಾಯಿತು. ಎಲ್ಲಾ ಹುಡುಕಿ ಸುಸ್ತಾದ ಮೇಲೆ ಮೇಲಿನ ಕ್ಲಾಸೆಟ್ ಬಾಗಿಲು ತೆಗೆದರೆ, ನಮ್ಮ ಬೀಗಲ್ ಚುಕ್ಕಿ ಆ ಶಾಲನ್ನು ಕೆದರಿ ಕೆದರಿ ಗುಂಡಗೆ ಹಾಸಿಗೆ ಮಾಡಿಕೊಂಡು ಮಲಗಿದ್ದಾಳೆ! ಪಕ್ಕದಲ್ಲಿ ಮಗಳ ಬಟ್ಟೆಯ ಆನೆ, ಇವರ ಒಂದು ಸಾಕ್ಸ್. ಎರಡನ್ನೂ ನೆಕ್ಕುತ್ತಿದ್ದಾಳೆ. ಏಳು ವರ್ಷದ ಮಗಳು ತನ್ನ ಆನೆಗೆ ಕೈ ಹಾಕಿದ್ದೇ ತಡ, ಎರಡು ವರ್ಷದಲ್ಲಿ ಒಮ್ಮೆಯೂ ಗುರ್ ಎನ್ನದ ನಾಯಿ ಹಲ್ಲು ತೋರಿಸಿತು. ಅವಳನ್ನು ಎತ್ತಿಕೊಂಡಾಗ ನನ್ನ ಕುರ್ತಾದ ಮೇಲೆ ಎರಡು ಒದ್ದೆ ಕಲೆ. ನೋಡಿದರೆ, ಹಾಲು.

"ಪಕ್ಕದ ಮನೆಯ ನಾಯಿ ಬೇಲಿ ಹಾರಿರಬೇಕು" ಎಂದರು ನಮ್ಮವರು. ಅಮ್ಮ ತಿಪಟೂರಿನವರು, ಹಸು ಎಮ್ಮೆಗಳ ಮಧ್ಯೆ ಬೆಳೆದವರು. ಚುಕ್ಕಿಯ ಹೊಟ್ಟೆ ಸವರಿ, "ಬೆದೆಗೆ ಬಂದು ಎಷ್ಟು ದಿನ ಆಯ್ತೇ?" ಎಂದು ಕೇಳಿದರು. ಗಣೇಶನ ಹಬ್ಬದ ಹೊತ್ತಿಗೆ, ಎಂದೆ. ಕಡುಬು ಮಾಡುವಾಗ ಅಡುಗೆಮನೆಯ ನೆಲ ಒರೆಸಿ ಒರೆಸಿ ಸಾಕಾಗಿದ್ದು ಚೆನ್ನಾಗಿ ನೆನಪಿತ್ತು. "ಬಸಿರಾಗಿದ್ದರೆ ಇಷ್ಟು ಹೊತ್ತಿಗೆ ಹೊಟ್ಟೆ ಇಷ್ಟೇ ಇರುತ್ತಿತ್ತೇನೇ? ಇದು ಹುಸಿ ಬಸಿರು ಇರಬೇಕು ಕಣೇ" ಎಂದರು ಅಮ್ಮ.

ನಮ್ಮಲ್ಲಿ ಅನೇಕರು ಇದನ್ನು ನೋಡಿರುವುದಿಲ್ಲ. ಇಲ್ಲಿ ಶೆಲ್ಟರ್‌ನಿಂದ ತರುವ ಹೆಣ್ಣು ನಾಯಿಗಳಿಗೆ ಬಹುಮಟ್ಟಿಗೆ ಮೊದಲೇ ಸ್ಪೇ ಆಪರೇಷನ್ ಆಗಿರುತ್ತದೆ. ಸರ್ಕಾರದ್ದೂ ಅದೇ ಒತ್ತಾಯ: ನ್ಯೂಯಾರ್ಕ್ ಸಿಟಿಯಲ್ಲಿ ಆಪರೇಷನ್ ಆದ ನಾಯಿಯ ಲೈಸೆನ್ಸಿಗೆ ವರ್ಷಕ್ಕೆ 8.50 ಡಾಲರ್, ಆಗದಿದ್ದರೆ 34. ನಾವು ಚುಕ್ಕಿಯನ್ನು ತಂದದ್ದು ಪರಿಚಯದವರ ಮನೆಯಿಂದ. ಇವತ್ತು ನಾಳೆ ಎನ್ನುತ್ತಾ ಆಪರೇಷನ್ ಮುಂದೆ ಹಾಕಿದ್ದೆವು. ನಮ್ಮ ಸೋಮಾರಿತನ, ಇನ್ನೇನಿಲ್ಲ.

ಹಬ್ಬದ ಮರುದಿನ ವೆಟ್ ಹತ್ತಿರ ಓಡಿದೆವು. ಆಕೆ ಮೊದಲು ಅಲ್ಟ್ರಾಸೌಂಡ್ ಮಾಡಿ ಹೊಟ್ಟೆಯಲ್ಲಿ ಮರಿಯಿಲ್ಲ, ಗರ್ಭಕೋಶದಲ್ಲಿ ಕೀವೂ ಇಲ್ಲ ಎಂದು ಖಚಿತಪಡಿಸಿಕೊಂಡರು. ಕೀವಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದೇ ಇಲ್ಲಿ ಮುಖ್ಯವಾದದ್ದು. ನಂತರ ಅವರು ವಿವರಿಸಿದ್ದನ್ನು ಕೇಳಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ಹೆಂಗಸರಲ್ಲಿ ಬಸಿರು ನಿಲ್ಲದಿದ್ದರೆ ಎರಡು ವಾರದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿದು ತಿಂಗಳ ಮುಟ್ಟು ಬರುತ್ತದೆ. ನಾಯಿಯ ದೇಹಕ್ಕೆ ಈ ಲೆಕ್ಕವೇ ಇಲ್ಲ. ಗಂಡು ಕೂಡಿರಲಿ ಬಿಡಲಿ, ಬೆದೆ ಮುಗಿದ ಮೇಲೆ ಸುಮಾರು ಎರಡು ತಿಂಗಳು, ಅಂದರೆ ಹೆಚ್ಚುಕಡಿಮೆ ಮರಿ ಹೊರುವಷ್ಟೇ ಕಾಲ, ಆ ಹಾರ್ಮೋನು ಮೇಲೇ ಇರುತ್ತದೆ. ಕೊನೆಗೆ ಅದು ಇಳಿದಾಗ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಏರುತ್ತದೆ. ಹೆರಿಗೆಯಾದ ತಾಯಿಗೆ ಬರುವ ಸಂದೇಶ ಹೆರದ ನಾಯಿಗೂ ಬರುತ್ತದೆ. ಕೆಲವು ನಾಯಿಗಳಲ್ಲಿ ಹೊರಗೆ ಏನೂ ಕಾಣದೆ ಮುಗಿದುಹೋಗುತ್ತದೆ, ಚುಕ್ಕಿಯಂಥವರು ಪೂರಾ ಬಾಣಂತನ ಮಾಡಿಸಿಕೊಳ್ಳುತ್ತಾರೆ! ತೋಳಗಳ ಗುಂಪಿನಲ್ಲಿ ಹೆರದ ಹೆಣ್ಣುಗಳೂ ಇನ್ನೊಬ್ಬಳ ಮರಿಗಳನ್ನು ಸಾಕಲು ಇದು ನೆರವಾಗಿದ್ದಿರಬಹುದು ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಂತೂ ಇದು ರೋಗವಲ್ಲ, ಹುಚ್ಚೂ ಅಲ್ಲ. ಬೆದೆಯಾದ ಆರರಿಂದ ಹನ್ನೆರಡು ವಾರದೊಳಗೆ ಕಾಣಿಸಿಕೊಂಡು, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ತಾನಾಗಿ ಹೋಗುತ್ತದೆ. ಗಣೇಶನ ಹಬ್ಬದಿಂದ ದೀಪಾವಳಿಗೆ ಎಂಟು ವಾರ. ಚುಕ್ಕಿ ಲೆಕ್ಕ ತಪ್ಪಿರಲಿಲ್ಲ.

ವೆಟ್ ಬಳಿ ಹೋಗುವ ಮೊದಲೇ ನಾನೊಂದು ಎಡವಟ್ಟು ಮಾಡಿದ್ದೆ. ಪಾಪ, ಮೊಲೆ ಬಿಗಿದಿದೆ ಎಂದು ಬಿಸಿನೀರಿನ ಬಟ್ಟೆಯಿಂದ ಶಾಖ ಕೊಟ್ಟು, ಸ್ವಲ್ಪ ಹಾಲು ಹಿಂಡಿ ತೆಗೆದಿದ್ದೆ. ಮಾರನೆಯ ದಿನ ಇನ್ನೂ ಹೆಚ್ಚು ಬಿಗಿದುಕೊಂಡಿತ್ತು. ಅಮ್ಮ ನಕ್ಕು, "ಕರೆಯೋದು ನಿಲ್ಲಿಸಿದರೆ ತಾನೇ ಹಸು ಬತ್ತೋದು? ನೀನು ಕರೀತಾ ಕೂತರೆ ಬತ್ತುತ್ತಾ?" ಎಂದರು. ವೆಟ್ ಹೇಳಿದ್ದೂ ಅಕ್ಷರಶಃ ಅದನ್ನೇ. ಮುಟ್ಟಬೇಡಿ, ಹಿಂಡಬೇಡಿ, ಶಾಖ ಬೇಡ. ನಾಯಿ ತನ್ನನ್ನು ತಾನೇ ನೆಕ್ಕಿಕೊಂಡರೂ ಹಾಲು ಇಳಿಯುತ್ತಲೇ ಇರುತ್ತದೆ. ಅದಕ್ಕೆ ಕತ್ತಿಗೆ ಪ್ಲಾಸ್ಟಿಕ್ ಕೋನ್ ಹಾಕಬೇಕು, ಇಲ್ಲವೇ ಮಗುವಿನ ಹಳೆಯ ಟೀ ಶರ್ಟ್ ತೊಡಿಸಬೇಕು. ನಾವು ಶರ್ಟ್ ತೊಡಿಸಿದೆವು, ಮಗಳಿಗೆ ಅದೇ ಹಬ್ಬ. ಹಾಲು ಬತ್ತಲಿ ಎಂದು ಕುಡಿಯುವ ನೀರು ಕಡಿಮೆ ಮಾಡುವವರಿದ್ದಾರಂತೆ. ಅದು ಅಪಾಯ, ಮಾಡಬೇಡಿ.

ಆನೆ ಮತ್ತು ಸಾಕ್ಸ್ ಕತೆ ಇನ್ನೊಂದು. ಮರಿ ಎಂದುಕೊಂಡದ್ದನ್ನು ಕಣ್ಣೆದುರೇ ಕಿತ್ತುಕೊಂಡರೆ ಮುದ್ದಿನ ನಾಯಿಯೂ ಕಚ್ಚಬಹುದು. ಇವರು ಅವಳನ್ನು ವಾಕಿಂಗ್ ಕರೆದುಕೊಂಡು ಹೋದಾಗ ನಾನು ಆನೆ, ಸಾಕ್ಸ್, ಶಾಲು ಎಲ್ಲ ಎತ್ತಿಟ್ಟು ಕ್ಲಾಸೆಟ್ ಬಾಗಿಲು ಹಾಕಿದೆ. ಬಂದವಳು ಒಂದೆರಡು ಗಂಟೆ ಮನೆಯೆಲ್ಲ ಮೂಸಿ ಕುಂಯ್ಗುಟ್ಟಿದಳು. ನೋಡಿ ಅಮ್ಮನ ಕಣ್ಣಲ್ಲೂ ನೀರು. ದಿನಕ್ಕೆ ಎರಡಿದ್ದ ವಾಕಿಂಗ್ ನಾಲ್ಕು ಮಾಡಿದೆವು, ಮನಸ್ಸು ಬೇರೆ ಕಡೆ ಹೋಗಲಿ ಎಂದು. ಮಗಳಿಗೆ ಅವಳ ಹಾಸಿಗೆಯ ಹತ್ತಿರ ಹೋಗಬಾರದೆಂದು ಕಟ್ಟಪ್ಪಣೆ.

ಒಂದು ವಾರವಾದರೂ ಗುರುಗುಟ್ಟುವುದು ನಿಲ್ಲಲಿಲ್ಲ. ಈ ಬಾರಿ ಸೋಫಾ ದಿಂಬು ಮರಿಯಾಗಿತ್ತು. ಮನೆಯಲ್ಲಿ ಮಗುವಿದೆ ಎಂದು ವೆಟ್ ಔಷಧಿ ಬರೆದರು. ಹೆಸರು ಕ್ಯಾಬರ್ಗೋಲಿನ್, ಪ್ರೊಲ್ಯಾಕ್ಟಿನ್ ಇಳಿಸುತ್ತದೆ. ಅಮೆರಿಕದಲ್ಲಿ ಇದು ಮನುಷ್ಯರ ಔಷಧಿ, ನಾಯಿಗೆ ವೆಟ್ ತಮ್ಮ ವಿವೇಚನೆಯ ಮೇಲೆ ಕೊಡುತ್ತಾರೆ. ಪ್ರಮಾಣ ಎಷ್ಟು ಸಣ್ಣದು ನೋಡಿ: ದಿನಕ್ಕೊಮ್ಮೆ, ಕಿಲೋ ತೂಕಕ್ಕೆ 5 ಮೈಕ್ರೋಗ್ರಾಂ. ಚುಕ್ಕಿ 22 ಪೌಂಡ್, ಅಂದರೆ 10 ಕಿಲೋ, ಹಾಗಾಗಿ 50 ಮೈಕ್ರೋಗ್ರಾಂ. ಮನುಷ್ಯರ ಮಾತ್ರೆಯಲ್ಲಿ ಅರ್ಧ ಮಿಲಿಗ್ರಾಂ, ಅಂದರೆ 500 ಇರುತ್ತದೆ. ಅದನ್ನು ಹತ್ತು ಚೂರು ಮಾಡುವುದು ಆಗದ ಮಾತು. ಅದಕ್ಕೇ ಕಾಂಪೌಂಡಿಂಗ್ ಫಾರ್ಮಸಿಯಲ್ಲಿ ದ್ರವರೂಪದಲ್ಲಿ ಮಾಡಿಸಿಕೊಟ್ಟರು. ಮೊದಲ ದಿನ ವಾಂತಿ ಮಾಡಿಕೊಂಡಳು, ಮರುದಿನದಿಂದ ಅನ್ನದ ಜೊತೆ ಕೊಟ್ಟೆವು, ಸರಿಹೋಯಿತು. ಐದನೆಯ ದಿನಕ್ಕೆ ದಿಂಬು ಬರೀ ದಿಂಬಾಯಿತು. ನಿಜವಾಗಿ ಬಸಿರಾಗಿರುವ ನಾಯಿಗೆ ಇದನ್ನು ಕೊಟ್ಟರೆ ಗರ್ಭ ಹೋಗುತ್ತದೆ. ಆದ್ದರಿಂದಲೇ ಮೊದಲು ಅಲ್ಟ್ರಾಸೌಂಡ್.

ಈ ದಿನಗಳಲ್ಲಿ ವೆಟ್ ನನಗೆ ಒಂದು ಕೆಲಸ ಕೊಟ್ಟಿದ್ದರು. ದಿನಾ ಒಮ್ಮೆ, ಹಿಂಡದೆ, ಮೊಲೆಗಳನ್ನು ನೋಡುವುದು. ಹಳ್ಳಿಯಲ್ಲಿ ಹಸುವಿಗೆ ಕೆಚ್ಚಲು ಬಾವು ಬರುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ, ನಾಯಿಗೂ ಅದೇ ಆಗಬಹುದು. ಒಂದು ಮೊಲೆ ಮಾತ್ರ ಬಿಸಿಯಾಗಿ, ಗಟ್ಟಿಯಾಗಿ, ಕೆಂಪು ಅಥವಾ ನೇರಳೆ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ನೋಯುತ್ತಿದ್ದರೆ, ಹಾಲಿನಲ್ಲಿ ರಕ್ತ ಕೀವು ಕಂಡರೆ, ಅವತ್ತೇ ಹೋಗಬೇಕು. ನೋವೆಂದು ಮನೆಯಲ್ಲಿರುವ ಟೈಲೆನಾಲ್, ಐಬುಪ್ರೊಫೆನ್ ಕೊಡಬೇಡಿ, ಅವು ನಾಯಿಗೆ ವಿಷ.

ಇನ್ನು ಕೀವಿನ ವಿಷಯ. ಲಾಂಗ್ ಐಲೆಂಡ್‌ನಲ್ಲಿರುವ ನಮ್ಮ ಸ್ನೇಹಿತರ ನಾಯಿಗೆ ಏಳು ವರ್ಷ. ಹುಸಿ ಬಸಿರು ಅವರ ಮನೆಯಲ್ಲಿ ಎರಡು ಸಲ ಬಂದು ಹೋಗಿತ್ತು. ಮೂರನೆಯ ಸಲ ಬೆದೆಯಾಗಿ ಆರು ವಾರಕ್ಕೆ ಮಂಕಾಗಿ ಊಟ ಬಿಟ್ಟಾಗ, "ಮತ್ತೆ ಬಾಣಂತನ ಶುರುವಾಯಿತು" ಎಂದು ನಗುತ್ತಾ ನಾಲ್ಕು ದಿನ ಕಳೆದರು. ನೀರಿನ ಬಟ್ಟಲು ಮಾತ್ರ ಪದೇಪದೇ ಖಾಲಿಯಾಗುತ್ತಿತ್ತು. ಐದನೆಯ ರಾತ್ರಿ ಹೊಟ್ಟೆ ಉಬ್ಬಿ, ಎದ್ದು ನಿಲ್ಲಲಾಗದೆ ಬಿದ್ದಾಗ ಎಮರ್ಜೆನ್ಸಿಗೆ ಒಯ್ದರು. ಪಯೋಮೆಟ್ರಾ, ಗರ್ಭಕೋಶದ ತುಂಬ ಕೀವು. ಬೆಳಗಿನ ಜಾವ ಆಪರೇಷನ್ ಮಾಡಿ ಗರ್ಭಕೋಶವನ್ನೇ ತೆಗೆದರು. ಬದುಕಿತು, ಆದರೆ ಕೂದಲೆಳೆಯ ಅಂತರದಲ್ಲಿ.

ತೊಂದರೆ ಇರುವುದು ಇಲ್ಲೇ: ಎರಡೂ ಬರುವುದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಬೆದೆಯಾದ ಒಂದೆರಡು ತಿಂಗಳೊಳಗೆ. ಅದೇ ಪ್ರೊಜೆಸ್ಟರಾನ್ ಗರ್ಭಕೋಶದ ಒಳಪದರವನ್ನು ದಪ್ಪ ಮಾಡಿ ಬ್ಯಾಕ್ಟೀರಿಯಾಗೆ ಹಾಸಿಗೆ ಹಾಸಿಕೊಡುತ್ತದೆ. ಇದು ಅಪರೂಪದ್ದೂ ಅಲ್ಲ. ಹೆಣ್ಣು ನಾಯಿಗಳಿಗೆ ಆಪರೇಷನ್ ಮಾಡಿಸುವ ರೂಢಿ ಕಡಿಮೆಯಿದ್ದ ಸ್ವೀಡನ್‌ನಲ್ಲಿ ಹತ್ತು ವರ್ಷ ತುಂಬುವುದರೊಳಗೆ ಸುಮಾರು ನಾಲ್ಕರಲ್ಲಿ ಒಂದಕ್ಕೆ ಬಂದದ್ದು ದಾಖಲಾಗಿದೆ. ಹುಸಿ ಬಸಿರಿನ ನಾಯಿ ಒಂದು ಹೊತ್ತು ಊಟ ಬಿಡಬಹುದು, ಆದರೆ ಗೂಡು ಕಟ್ಟುತ್ತದೆ, ಓಡಾಡುತ್ತದೆ, ಗೊಂಬೆ ಕಾಯುತ್ತದೆ. ಕೀವಿನ ನಾಯಿ ಮಂಕಾಗಿ ಬಿದ್ದಿರುತ್ತದೆ, ಲೆಕ್ಕವಿಲ್ಲದಷ್ಟು ನೀರು ಕುಡಿದು ಮೂತ್ರ ಮಾಡುತ್ತದೆ, ವಾಂತಿ ಮಾಡಬಹುದು. ಕೆಳಗಿನಿಂದ ವಾಸನೆಯ ಸ್ರಾವ ಕಂಡರೆ ಅನುಮಾನವೇ ಬೇಡ. ಆದರೆ ಗರ್ಭಕೋಶದ ಬಾಯಿ ಮುಚ್ಚಿದ್ದರೆ ಸ್ರಾವ ಕಾಣುವುದೇ ಇಲ್ಲ, ಅದೇ ಹೆಚ್ಚು ಅಪಾಯ. ಜ್ವರವೂ ಇರಬಹುದು, ಇಲ್ಲದಿರಬಹುದು. ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಸಹಜ, ನಮ್ಮ 98.6ರ ಲೆಕ್ಕದಲ್ಲಿ ಗಾಬರಿಯಾಗಬೇಡಿ. ಅನುಮಾನ ಬಂದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ಮ್ಯಾನ್‌ಹ್ಯಾಟನ್‌ನ ಈಸ್ಟ್ 62ನೇ ಬೀದಿಯಲ್ಲಿರುವ ಶ್ವಾರ್ಜ್‌ಮನ್ ಅನಿಮಲ್ ಮೆಡಿಕಲ್ ಸೆಂಟರ್ ದಿನದ 24 ಗಂಟೆಯೂ ತೆರೆದಿರುತ್ತದೆ. ನಿಮ್ಮ ಮನೆಗೆ ಹತ್ತಿರದ ಎಮರ್ಜೆನ್ಸಿ ಯಾವುದೆಂದು ಈಗಲೇ ಬರೆದು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ.

"ಹಾಗಾದರೆ ನಾಳೆಯೇ ಆಪರೇಷನ್ ಮಾಡಿಬಿಡಿ" ಎಂದೆ ನಾನು ವೆಟ್‌ಗೆ. ಬೇಡ ಎಂದರು. ಹಾರ್ಮೋನುಗಳ ಈ ಗಲಾಟೆಯ ನಡುವೆ ಅಂಡಾಶಯ ತೆಗೆದರೆ ಹುಸಿ ಬಸಿರು ಹೋಗದೆ ತಿಂಗಳುಗಟ್ಟಲೆ ಉಳಿದುಬಿಡುವ ಸಾಧ್ಯತೆಯಿದೆಯಂತೆ. ಹಾಲು ಪೂರ್ತಿ ಬತ್ತಿ, ಬೆದೆಯಾಗಿ ಮೂರು ನಾಲ್ಕು ತಿಂಗಳಾದ ಮೇಲೆ, ಮುಂದಿನ ಬೆದೆಗೆ ಮೊದಲು, ಅದೇ ಸರಿಯಾದ ಸಮಯ. ಪಯೋಮೆಟ್ರಾ ಆದರೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ, ಆಗ ತಕ್ಷಣವೇ. ಕೂಟದ ಸ್ನೇಹಿತೆಯೊಬ್ಬರು "ಒಂದು ಸಲ ಮರಿ ಹಾಕಿಸಿಬಿಡಿ, ಎಲ್ಲಾ ಸರಿಹೋಗುತ್ತೆ" ಎಂದು ಸಲಹೆ ಕೊಟ್ಟರು. ಅದನ್ನೂ ವೆಟ್‌ಗೆ ಕೇಳಿದೆ. ಮರಿ ಹಾಕಿದ ನಾಯಿಗೂ ಮುಂದಿನ ಬೆದೆಯ ನಂತರ ಹುಸಿ ಬಸಿರು ಬರಬಹುದು, ಒಮ್ಮೆ ಬಂದವಳಿಗೆ ಮತ್ತೆ ಬರುವುದೇ ಹೆಚ್ಚು ಎಂದರು.

ಸಂಕ್ರಾಂತಿ ಕಳೆದ ವಾರ ಚುಕ್ಕಿಗೆ ಆಪರೇಷನ್ ಆಯಿತು. ಅಷ್ಟರಲ್ಲಿ ಅಮ್ಮ ಊರಿಗೆ ಹೊರಟಾಗಿತ್ತು. ಶಾಲನ್ನು ಮೂರು ಸಲ ಒಗೆದು ಸೂಟ್‌ಕೇಸಿನಲ್ಲಿ ಇಡಲು ಹೋದರೆ, "ಇರಲಿ ಬಿಡೇ, ಬಾಣಂತಿಗೆ ಕೊಟ್ಟಿದ್ದನ್ನ ವಾಪಸ್ ತಗೋಬಾರದು" ಎಂದು ಬಿಟ್ಟುಹೋದರು. ಈಗ ಅದರ ಮೇಲೆ ಚುಕ್ಕಿ ಕೆದರದೆ, ಗುರುಗುಟ್ಟದೆ ಮಲಗುತ್ತಾಳೆ. ಆನೆ ಮಗಳ ಬಳಿ ಇದೆ, ಒಂದು ಕಿವಿ ಇಲ್ಲ ಅಷ್ಟೇ.