ಹಳೆಯ ರೋಗಿಗಳು, ಹೊಸ ರೋಗಿಗಳು

ಒಂದು ಉಪಕೇಂದ್ರದ ವ್ಯಾಪ್ತಿಯಲ್ಲಿ 30 ವರ್ಷ ದಾಟಿದವರು 2,000 ಮಂದಿ ಇದ್ದಾರೆ ಎಂದುಕೊಳ್ಳಿ. ಜನವರಿ 1ರಂದು ಅವರಲ್ಲಿ 160 ಮಂದಿಗೆ ಸಕ್ಕರೆ ಕಾಯಿಲೆ ಇದೆ. ಅಂದರೆ ಆ ದಿನದ ಪ್ರಿವಲೆನ್ಸ್, ಎಂದರೆ ಇರುವ ರೋಗದ ಪ್ರಮಾಣ, ಶೇ. 8.

ವರ್ಷದೊಳಗೆ ಇನ್ನೂ 40 ಮಂದಿಗೆ ಕಾಯಿಲೆ ಬಂತು. ಹೊಸದಾಗಿ ಬರುವ ಈ ವೇಗವೇ ಇನ್ಸಿಡೆನ್ಸ್. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ: 40ನ್ನು 2,000ದಿಂದ ಭಾಗಿಸಿಬಿಡುತ್ತಾರೆ. ಆದರೆ ಆಗಲೇ ಕಾಯಿಲೆ ಇರುವ 160 ಮಂದಿಗೆ ಅದು ಹೊಸದಾಗಿ ಬರುವಂತಿಲ್ಲ. ಅವರನ್ನು ಕಳೆದರೆ ಉಳಿಯುವುದು 1,840; ಸಾವಿರಕ್ಕೆ ಸುಮಾರು 22 ಹೊಸ ರೋಗಿಗಳು.

ಸಕ್ಕರೆ ಕಾಯಿಲೆ ಜೀವನಪೂರ್ತಿ ಇರುವಂಥದ್ದು. ಚಿಕಿತ್ಸೆ ಚೆನ್ನಾಗಿ ಸಿಕ್ಕರೆ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ, ಆಗ ಪ್ರಿವಲೆನ್ಸ್ ಏರುತ್ತದೆ. ಕೋಷ್ಟಕದಲ್ಲಿ ಈ ಏರಿಕೆ ಕಂಡಾಕ್ಷಣ ನರ್ಸ್ ಸೋತರು ಎನ್ನುವುದು ಅನ್ಯಾಯ. ಮೊದಲು ಇನ್ಸಿಡೆನ್ಸ್ ನೋಡಬೇಕು. ಅದೂ ಏರಿದ್ದರೆ, ಆ ವರ್ಷ ಮನೆಮನೆ ತಪಾಸಣೆ ಹೆಚ್ಚಿತ್ತೇ ಎಂದು ಕೇಳಬೇಕು. ಹುಡುಕಿದಷ್ಟೂ ರೋಗ ಸಿಗುತ್ತದೆ.

ಆರೋಗ್ಯ ಸೂಚ್ಯಂಕದ ಕೋಷ್ಟಕ ಕೈಗೆ ಬಂದಾಗ ಅಂಕಿಗಿಂತ ಮೊದಲು ಶೀರ್ಷಿಕೆ ಓದಿ. ಶಿಶುಮರಣ ದರ ಸಾವಿರ ಜೀವಂತ ಜನನಕ್ಕೆ, ತಾಯಿಮರಣ ಅನುಪಾತ ಲಕ್ಷ ಜೀವಂತ ಜನನಕ್ಕೆ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ಇನ್ನು ವರ್ಷಕ್ಕೆ 80 ಹೆರಿಗೆಗಳಿರುವ ಕಡೆ ಒಂದು ಶಿಶು ತೀರಿಕೊಂಡರೆ ದರ 12.5, ಇನ್ನೊಂದು ತೀರಿಕೊಂಡರೆ 25. ಇಂಥ ಚಿಕ್ಕ ಊರಿನಲ್ಲಿ ಒಂದು ವರ್ಷದ ದರವನ್ನು ನಂಬದೆ, ಹಲವು ವರ್ಷಗಳನ್ನು ಒಟ್ಟುಗೂಡಿಸಿ ನೋಡಬೇಕು. ಆದರೆ ಪ್ರತಿ ಸಾವಿನ ಕಾರಣವನ್ನು ಆ ಮನೆಗೇ ಹೋಗಿ ವಿಚಾರಿಸಬೇಕು.