‘ಯಾವಾಗ ಮುಗಿಯುತ್ತೆ?’: ಮ್ಯಾನೇಜರ್ ಸಂದರ್ಶನದ ಮೂರು ಪ್ರಶ್ನೆಗಳು

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಂಟು–ಹತ್ತು ವರ್ಷ ಕೋಡ್ ಬರೆದವರ ಮುಂದೆ ದಾರಿ ಕವಲೊಡೆಯುತ್ತದೆ. ಕೋಡ್ ಬರೆಯುತ್ತಲೇ ಮೇಲಕ್ಕೆ ಹೋಗಬಹುದು, ಇಲ್ಲವೇ ಐದಾರು ಜನರ ತಂಡ ನಡೆಸುವ ಎಂಜಿನಿಯರಿಂಗ್ ಮ್ಯಾನೇಜರ್ ಆಗಬಹುದು. ಎರಡನೆಯ ದಾರಿ ಹಿಡಿದವರಿಗೆ ಸಂದರ್ಶನದ ರೀತಿಯೇ ಬದಲಾಗುತ್ತದೆ. ಪ್ರೋಗ್ರಾಂ ಬರೆದು ತೋರಿಸಿ ಎನ್ನುವುದು ಕಡಿಮೆಯಾಗಿ, ಹಿಂದೆ ನಡೆಸಿದ ಕೆಲಸದ ಕಥೆ ಹೇಳಿ ಎನ್ನುವುದು ಹೆಚ್ಚಾಗುತ್ತದೆ. ಅಲ್ಲಿ ಬಹುತೇಕ ತಪ್ಪದೇ ಬರುವ ಪ್ರಶ್ನೆಗಳು ಮೂರು. ಕೆಲಸಕ್ಕೆ ಎಷ್ಟು ದಿನ ಬೇಕೆಂದು ಹೇಗೆ ಅಂದಾಜು ಮಾಡಿದಿರಿ? ಸರಿಯಾಗಿ ಕೆಲಸ ಮಾಡದ ಎಂಜಿನಿಯರ್ ಜೊತೆ ಹೇಗೆ ನಡೆದುಕೊಂಡಿರಿ? ಗಡುವು ಹತ್ತಿರವಿದ್ದಾಗ ಹಳೆಯ ಕೋಡಿನ ರಿಪೇರಿಗೆ ಸಮಯ ಎಲ್ಲಿಂದ ತಂದಿರಿ?

ಇವನ್ನು ಮೂರು ಬೇರೆ ಬೇರೆ ಪ್ರಶ್ನೆಗಳೆಂದುಕೊಂಡು ಮೂರು ಉತ್ತರ ಉರುಹೊಡೆದು ಹೋಗುವವರು ಬಹಳ. ನಿಜವಾದ ತಂಡದಲ್ಲಿ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಅದನ್ನು ಒಂದೇ ಕೆಲಸದ ಮೂಲಕ ನೋಡೋಣ. ಕಂಪನಿ ಮತ್ತು ತಂಡ ಕಲ್ಪನೆಯವು, ಆದರೆ ಗಡುವು ನಿಜವಾದದ್ದು.

2022ರಲ್ಲಿ ದೇಶದ ಆನ್‌ಲೈನ್ ಅಂಗಡಿಗಳಿಗೆಲ್ಲ ರಿಸರ್ವ್ ಬ್ಯಾಂಕಿನ ಒಂದು ನಿಯಮ ತಲೆಬಿಸಿ ತಂದಿತ್ತು. ಗ್ರಾಹಕರ ಡೆಬಿಟ್, ಕ್ರೆಡಿಟ್ ಕಾರ್ಡ್ ನಂಬರುಗಳನ್ನು ಅಂಗಡಿಗಳು ತಮ್ಮ ಕಂಪ್ಯೂಟರುಗಳಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ಕಾರ್ಡ್ ನೆಟ್‌ವರ್ಕ್ ಮಾತ್ರ ಇಟ್ಟುಕೊಳ್ಳಬಹುದು. ‘ಕಾರ್ಡ್ ಸೇವ್ ಮಾಡಿ’ ಎಂಬ ಸೌಲಭ್ಯ ಉಳಿಯಬೇಕಾದರೆ ನಂಬರಿನ ಬದಲು ಟೋಕನ್ ಬಳಸಬೇಕು, ಅದಕ್ಕೆ ಗ್ರಾಹಕರ ಒಪ್ಪಿಗೆ ಪಡೆಯಬೇಕು. ಗಡುವು ಜೂನ್ 30. ನಮ್ಮ ಕಲ್ಪನೆಯ ಅಂಗಡಿಯಲ್ಲಿ ಐದು ಎಂಜಿನಿಯರುಗಳ ಪೇಮೆಂಟ್ ತಂಡ ಕೆಲಸ ಶುರು ಮಾಡಿದ್ದು ಮಾರ್ಚ್ ಮಧ್ಯದಲ್ಲಿ. ಕೈಯಲ್ಲಿದ್ದದ್ದು ಹದಿನೈದು ವಾರ.

ಮೇಲಿನವರು ಮ್ಯಾನೇಜರನ್ನು ಕೇಳುತ್ತಾರೆ: ‘ಜೂನ್ 30ಕ್ಕೆ ಆಗುತ್ತಲ್ಲ?’ ಇಲ್ಲಿ ಮೊದಲ ಎಡವು ಕಾದಿರುತ್ತದೆ. ಗಡುವು ಬೇರೆ, ಅಂದಾಜು ಬೇರೆ. ಗಡುವು ಹೊರಗಿನಿಂದ ಬಂದದ್ದು, ಅಂದಾಜು ಕೆಲಸದ ಒಳಗಿನಿಂದ ಹುಟ್ಟಬೇಕಾದದ್ದು. ಗಡುವಿನ ದಿನಾಂಕವನ್ನು ಮುಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದರೆ ಎಲ್ಲ ಕೆಲಸವೂ ಸರಿಯಾಗಿ ಹದಿನೈದು ವಾರದಲ್ಲೇ ಕೂತುಬಿಡುತ್ತದೆ. ಆ ಲೆಕ್ಕ ಯಾರಿಗೂ ಏನನ್ನೂ ತಿಳಿಸುವುದಿಲ್ಲ.

ಅನುಭವಿಗಳು ಕೆಲಸವನ್ನು ಮೊದಲು ತುಂಡು ಮಾಡುತ್ತಾರೆ: ಟೋಕನ್ ಪಡೆಯುವುದು, ಒಪ್ಪಿಗೆಯ ಪರದೆ, ರೀಫಂಡ್, ಕಸ್ಟಮರ್ ಕೇರ್ ಪರದೆ, ತಿಂಗಳ ವರದಿಗಳು, ಹಳೆಯ ನಂಬರುಗಳ ಅಳಿಸುವಿಕೆ. ಪ್ರತಿ ತುಂಡಿಗೂ ಅದನ್ನು ಮಾಡುವವರೇ ಮೂರು ಸಂಖ್ಯೆ ಕೊಡುತ್ತಾರೆ. ಎಲ್ಲ ಸಲೀಸಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು. ಒಟ್ಟು ಕೂಡಿದಾಗ 8, 11, 20 ವಾರ ಬಂತು ಎನ್ನೋಣ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ ಪರ್ಟ್ ಎಂಬ ವಿಧಾನದಲ್ಲಿ ನಡುವಿನ ಸಂಖ್ಯೆಗೆ ನಾಲ್ಕು ಪಾಲು ತೂಕ ಕೊಡುತ್ತಾರೆ: (8 + 4 × 11 + 20) ÷ 6 = 12 ವಾರ. ಸಾಮಾನ್ಯವಾಗಿ 11 ಎಂದವರ ಉತ್ತರ 12ಕ್ಕೆ ಏರಿದ್ದಕ್ಕೆ ಕಾರಣವಿದೆ. ಕೆಲಸ ಬೇಗ ಮುಗಿಯಲು ಒಂದು ಮಿತಿಯಿದೆ, ತಡವಾಗಲು ಅಂಥ ಮಿತಿಯಿಲ್ಲ.

ಹನ್ನೆರಡು ವಾರ ಎಂದರೆ ಮೂರು ವಾರ ಉಳಿತಾಯ ಎಂದು ನಿಟ್ಟುಸಿರು ಬಿಡುವಂತಿಲ್ಲ. ಆ ಮೂರು ಸಂಖ್ಯೆಗಳೇ ನಮ್ಮ ತಲೆಯಿಂದ ಬಂದವು. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನೋವಿಜ್ಞಾನಿಗಳು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಎಂದು ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ, ನಿಜವಾಗಿ ಹಿಡಿದದ್ದು ಸುಮಾರು 55 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂಬ ಪ್ರಶ್ನೆಗೆ ಅವರು ಕೊಟ್ಟ ಸರಾಸರಿ ಉತ್ತರವೂ 49ರ ಆಸುಪಾಸಿನಲ್ಲೇ ಇತ್ತು. ನಮ್ಮ ಅತಿ ಕೆಟ್ಟ ಊಹೆಯೂ ವಾಸ್ತವಕ್ಕಿಂತ ಚಿಕ್ಕದಾಗಿರಬಹುದು.

ಹಾಗಾಗಿ ಒಳ್ಳೆಯ ಮ್ಯಾನೇಜರ್ ತಲೆಯೊಳಗೆ ಹುಡುಕುವುದನ್ನು ಬಿಟ್ಟು ಹಳೆಯ ದಾಖಲೆ ತೆಗೆಯುತ್ತಾರೆ. ಇದೇ ತಂಡ ಹಿಂದೊಮ್ಮೆ ಪೇಮೆಂಟ್ ಗೇಟ್‌ವೇ ಬದಲಿಸಿದಾಗ ಆರು ವಾರ ಎಂದು ಹೇಳಿ ಒಂಬತ್ತು ವಾರ ತೆಗೆದುಕೊಂಡಿತ್ತು ಎನ್ನಿ. ಒಂದೂವರೆ ಪಟ್ಟು. ಈಗಿನ ‘ಸಾಮಾನ್ಯವಾಗಿ 11’ ಅನ್ನು ಅದೇ ಅಳತೆಯಲ್ಲಿ ಹಿಗ್ಗಿಸಿದರೆ ಹದಿನಾರೂವರೆ ವಾರ. ಗಡುವು ದಾಟಿ ಹೋಯಿತು!

ಇದು ಮಾರ್ಚ್ ತಿಂಗಳಲ್ಲೇ ತಿಳಿದದ್ದು ದೊಡ್ಡ ಲಾಭ. ‘ಇನ್ನಿಬ್ಬರನ್ನು ಕೊಟ್ಟರೆ ಮುಗಿಯುತ್ತಾ?’ ಎಂದು ಸಂದರ್ಶಕರು ಇಲ್ಲಿ ಕೇಳಿಯೇ ಕೇಳುತ್ತಾರೆ. ತಡವಾದ ಯೋಜನೆಗೆ ಜನ ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ ಎಂದು ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದರು. ಹೊಸಬರಿಗೆ ಕಲಿಸಬೇಕಾದವರು ಈಗಾಗಲೇ ಕೆಲಸದಲ್ಲಿ ಮುಳುಗಿರುವ ಹಳಬರೇ. ಮಾರ್ಚ್‌ನಲ್ಲಿ ಬಂದವರು ಉಪಯೋಗಕ್ಕೆ ಬರಬಹುದು, ಮೇ ತಿಂಗಳಲ್ಲಿ ಬಂದವರು ಹೊರೆಯಾಗುತ್ತಾರೆ. ದಿನಾಂಕ ಅಲುಗುವುದಿಲ್ಲ, ಜನ ಹೆಚ್ಚಿಸಿ ಫಲವಿಲ್ಲ ಎಂದ ಮೇಲೆ ಕೆಲಸದ ಗಾತ್ರವನ್ನೇ ತಗ್ಗಿಸಬೇಕು. ನಿಯಮವನ್ನು ಮತ್ತೊಮ್ಮೆ ಗಮನವಿಟ್ಟು ಓದಿದರೆ ದಾರಿ ಕಾಣುತ್ತದೆ. ಕಾನೂನು ಕೇಳುವುದು ನಂಬರು ಇಟ್ಟುಕೊಳ್ಳಬೇಡಿ ಎಂದು. ಟೋಕನ್ ಗ್ರಾಹಕರ ಅನುಕೂಲಕ್ಕೆ. ಟೋಕನ್ ಸಿದ್ಧವಾಗದಿದ್ದರೆ ಗ್ರಾಹಕರು ಪ್ರತಿ ಸಲ ಹದಿನಾರು ಅಂಕಿ ಟೈಪ್ ಮಾಡಬೇಕಾಗುತ್ತದೆ. ಅದರಿಂದ ವ್ಯಾಪಾರಕ್ಕೆ ಪೆಟ್ಟು, ಆದರೆ ನಿಯಮ ಮುರಿದಂತಾಗುವುದಿಲ್ಲ. ಆದ್ದರಿಂದ ನಂಬರು ಅಳಿಸುವ ಕೆಲಸ ಮೊದಲು, ಟೋಕನ್ ಅದರ ಹಿಂದೆ. ‘ಜೂನ್ 30ಕ್ಕೆ ನಂಬರು ಅಳಿಸಿರುತ್ತೇವೆ. ಟೋಕನ್ ಬಹುಶಃ ಜುಲೈ ಮಧ್ಯಕ್ಕೆ. ಪ್ರತಿ ಎರಡು ವಾರಕ್ಕೊಮ್ಮೆ ಈ ದಿನಾಂಕವನ್ನು ತಿದ್ದಿ ಹೇಳುತ್ತೇನೆ’ ಎಂದು ಮೊದಲ ವಾರಗಳಲ್ಲೇ ಮೇಲಿನವರಿಗೆ ತಿಳಿಸಿದವರ ಅಂದಾಜನ್ನು ನಾನು ನಂಬುತ್ತೇನೆ.

ನಂಬರು ಅಳಿಸಲು ಅಡ್ಡವಾಗಿದ್ದದ್ದು ರೀಫಂಡ್ ಕೋಡು. ಹಳೆಯ ಆರ್ಡರುಗಳನ್ನು ಅದು ಕಾರ್ಡ್ ನಂಬರಿನಿಂದಲೇ ಹುಡುಕುತ್ತಿತ್ತು. ನಂಬರು ಹೋದರೆ ವಾಪಸಾದ ಸೀರೆಯ ದುಡ್ಡು ಯಾರಿಗೆ ಹೋಗಬೇಕೆಂಬುದೇ ಅದಕ್ಕೆ ತಿಳಿಯದು. ಈ ಕೆಲಸ ವಹಿಸಿಕೊಂಡ ಎಂಜಿನಿಯರ್ ಎರಡು ವಾರ ಎಂದಿದ್ದರು. ಐದನೆಯ ವಾರವೂ ಮುಗಿದಿರಲಿಲ್ಲ.

ಮೂರು ಪ್ರಶ್ನೆಗಳಲ್ಲಿ ಅತಿ ಕಷ್ಟದ್ದು ಇಲ್ಲಿದೆ. ‘ನನ್ನ ತಂಡದಲ್ಲಿ ಅಂಥವರು ಯಾರೂ ಇರಲಿಲ್ಲ’ ಎಂಬ ಉತ್ತರವನ್ನು ಯಾರೂ ನಂಬುವುದಿಲ್ಲ. ‘ರಾತ್ರಿ ಕೂತು ನಾನೇ ಮುಗಿಸಿಕೊಟ್ಟೆ’ ಎಂದರೆ ಮ್ಯಾನೇಜರ್ ಕೆಲಸ ಬಿಟ್ಟು ಎಂಜಿನಿಯರ್ ಕೆಲಸ ಮಾಡಿದೆ ಎಂದಂತಾಯಿತು. ಮೊದಲು ನೋಡಬೇಕಾದದ್ದು ತಡ ಎಲ್ಲಿಂದ ಬರುತ್ತಿದೆ ಎಂಬುದನ್ನು. ಈ ಕೋಡಿಗೆ ತಾನಾಗಿ ಓಡುವ ಪರೀಕ್ಷೆಗಳೇ ಇರಲಿಲ್ಲ. ಒಂದು ಸಾಲು ಬದಲಿಸಿದರೆ ಏನು ಮುರಿಯಿತೆಂದು ಕೈಯಾರೆ ನೋಡಬೇಕಿತ್ತು. ಹಿಂದಿನ ವರ್ಷ ಇದನ್ನು ಮುಟ್ಟಿದವರಿಗೂ ಅಂದುಕೊಂಡದ್ದಕ್ಕಿಂತ ಹೆಚ್ಚು ಸಮಯ ಹಿಡಿದಿತ್ತೇ? ಇದೇ ಎಂಜಿನಿಯರ್ ಬೇರೆ ಕೋಡಿನಲ್ಲಿ ಹೇಗೆ ಕೆಲಸ ಮಾಡಿದ್ದಾರೆ? ಎರಡನ್ನೂ ದಾಖಲೆಯಲ್ಲಿ ನೋಡಬಹುದು. ಅತಿ ಕೆಟ್ಟ ಕೋಡು ಯಾರ ಪಾಲಿಗೆ ಬಂತೋ ಅವರೇ ತಂಡದಲ್ಲಿ ನಿಧಾನಿ ಎನಿಸಿಕೊಳ್ಳುವುದು ನಮ್ಮ ಕಚೇರಿಗಳಲ್ಲಿ ನಡೆಯುವ ದೊಡ್ಡ ಅನ್ಯಾಯ.

ಇಲ್ಲಿ ತಡದ ಒಂದು ಪಾಲು ಕೋಡಿನದು. ಇನ್ನೊಂದು ಪಾಲು ಅವರದೇ: ಸಿಕ್ಕಿಹಾಕಿಕೊಂಡದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಮ್ಯಾನೇಜರ್ ಇಬ್ಬರೇ ಕೂತಾಗ ಹೇಗೆ ಮಾತು ತೆಗೆಯುತ್ತಾರೆ ಎಂಬುದನ್ನು ಸಂದರ್ಶಕರು ಕಿವಿಗೊಟ್ಟು ಕೇಳುತ್ತಾರೆ. ‘ಈಚೆಗೆ ಯಾಕೋ ನೀವು ಸೀರಿಯಸ್ ಆಗಿಲ್ಲ’ ಎಂದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತಾರೆ. ‘ಮೂರು ವಾರದಿಂದ ಸ್ಟ್ಯಾಂಡ್‌ಅಪ್‌ನಲ್ಲಿ ಇನ್ನೆರಡು ದಿನ ಅಂತ ಹೇಳ್ತಾ ಇದ್ದೀರಿ. ಎಲ್ಲಿ ಸಿಕ್ಕಿಕೊಂಡಿದೆ, ತೋರಿಸ್ತೀರಾ?’ ಎಂದರೆ ಮಾತು ಕೆಲಸದ ಮೇಲೆ ನಿಲ್ಲುತ್ತದೆ. ಏನು ನಿರೀಕ್ಷೆಯಿದೆ ಎಂಬುದೇ ಗೊತ್ತಿಲ್ಲವೇ, ಗೊತ್ತಿದ್ದೂ ಮಾಡಲು ಬರುತ್ತಿಲ್ಲವೇ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ? ಒಂದೊಂದಕ್ಕೂ ಪರಿಹಾರ ಬೇರೆ.

ಆಮೇಲೆ ಒಪ್ಪಂದ. ಎರಡು ದಿನದಲ್ಲಿ ಮುಗಿಯುವಷ್ಟು ಚಿಕ್ಕ ತುಂಡುಗಳು, ಅರ್ಧ ದಿನ ಸಿಕ್ಕಿಕೊಂಡರೆ ಕೇಳಲೇಬೇಕೆಂಬ ಮಾತು, ಜೊತೆಗೆ ಕೂರಲು ಹಿರಿಯರೊಬ್ಬರು, ಪ್ರತಿ ಗುರುವಾರ ಅರ್ಧ ಗಂಟೆ. ಮಾತಾಡಿದ್ದನ್ನೆಲ್ಲ ಅದೇ ದಿನ ಒಂದು ಮೇಲ್‌ನಲ್ಲಿ ಬರೆದು ಕಳಿಸುವುದು. ನಾಲ್ಕು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಎಚ್‌ಆರ್ ಜೊತೆಗೂಡಿ ಪಿಐಪಿ, ಅಂದರೆ ಸಾಮಾನ್ಯವಾಗಿ 30ರಿಂದ 90 ದಿನಗಳ ಲಿಖಿತ ಸುಧಾರಣಾ ಯೋಜನೆ. ಆ ಕಾಗದ ಕೈಗೆ ಬಂದ ದಿನ ಅದರಲ್ಲಿನ ಒಂದು ಸಾಲಾದರೂ ಆ ವ್ಯಕ್ತಿಗೆ ಹೊಸದೆನಿಸಿದರೆ ಮ್ಯಾನೇಜರ್ ತನ್ನ ಕೆಲಸ ಮಾಡಿಲ್ಲ. ಹಾಗೆಯೇ ಮಾತಾಡಲು ಆರು ತಿಂಗಳು ಕಾದವರದ್ದು ಕರುಣೆಯೂ ಅಲ್ಲ. ಆ ಆರು ತಿಂಗಳ ಬಾಕಿ ಕೆಲಸವನ್ನು ಉಳಿದ ನಾಲ್ವರು ಹೊತ್ತಿರುತ್ತಾರೆ.

ಉಳಿದದ್ದು ಹಳೆಯ ಕೋಡಿನ ಪ್ರಶ್ನೆ. ಇದನ್ನು ಸಾಲಕ್ಕೆ ಹೋಲಿಸಿದವರು ವಾರ್ಡ್ ಕನ್ನಿಂಗ್‌ಹ್ಯಾಮ್, 1992ರಲ್ಲಿ. ಬೇಗ ಬಿಡುಗಡೆ ಮಾಡಲು ಸ್ವಲ್ಪ ಸಾಲ ಮಾಡಿದರೆ ತಪ್ಪಿಲ್ಲ, ತಿದ್ದಿ ಬರೆದು ಬೇಗ ತೀರಿಸಬೇಕು. ತೀರಿಸದ ಸಾಲದ ಮೇಲೆ ಕಳೆಯುವ ಪ್ರತಿ ನಿಮಿಷವೂ ಬಡ್ಡಿ ಎಂಬುದು ಅವರ ವಾದ. ಸಂದರ್ಶನದಲ್ಲಿ ‘ಪ್ರತಿ ಸ್ಪ್ರಿಂಟ್‌ನಲ್ಲೂ ಶೇ 20 ಸಮಯ ಇದಕ್ಕೇ ಮೀಸಲು’ ಎಂಬ ಸಿದ್ಧ ಉತ್ತರ ಪದೇ ಪದೇ ಕೇಳಿಬರುತ್ತದೆ. ನನಗೆ ಅದು ಸಾಲದು ಎನಿಸುತ್ತದೆ, ಏಕೆಂದರೆ ಯಾವ ಸಾಲ ಮೊದಲು ತೀರಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನಮ್ಮ ತಂಡದಲ್ಲಿ ಕಾರ್ಡ್ ನಂಬರನ್ನೇ ನೆಚ್ಚಿಕೊಂಡ ಜಾಗಗಳು ಮೂರು. ರೀಫಂಡ್ ಕೋಡನ್ನು ಗಡುವಿಗೆ ಮೊದಲೇ ಸರಿಪಡಿಸಬೇಕು, ಅದರಲ್ಲಿ ಆಯ್ಕೆಯೇ ಇಲ್ಲ. ನಂಬರಿನ ಬದಲು ವಹಿವಾಟಿನ ಗುರುತುಸಂಖ್ಯೆಯಿಂದ ಹುಡುಕುವಂತೆ ಮಾಡಿ, ಆ ಭಾಗಕ್ಕಷ್ಟೇ ಪರೀಕ್ಷೆಗಳನ್ನು ಬರೆಯಬೇಕು. ಇಡೀ ರೀಫಂಡ್ ಕೋಡನ್ನು ಹೊಸದಾಗಿ ಬರೆಯುವ ಆಸೆಗೆ ಈಗ ಜಾಗವಿಲ್ಲ. ಕಸ್ಟಮರ್ ಕೇರ್ ಪರದೆಗೆ ಕೊನೆಯ ನಾಲ್ಕು ಅಂಕಿ ಸಾಕು. ಅಷ್ಟನ್ನು ಇಟ್ಟುಕೊಳ್ಳಲು ರಿಸರ್ವ್ ಬ್ಯಾಂಕ್ ಬಿಟ್ಟಿತ್ತು, ಹಾಗಾಗಿ ಅದು ಬೇಗ ಮುಗಿಯುವ ಕೆಲಸ. ತಿಂಗಳ ವರದಿಗಳಿಗೆ ಮಾತ್ರ ತಾತ್ಕಾಲಿಕ ತೇಪೆ ಹಾಕಬಹುದು. ಇದು ಗೊತ್ತಿದ್ದೇ ಮಾಡಿದ ಸಾಲ. ಏನು ತೇಪೆ, ಅದರಿಂದ ಲೆಕ್ಕಪತ್ರ ವಿಭಾಗದವರಿಗೆ ತಿಂಗಳಿಗೆ ಎಷ್ಟು ಹೆಚ್ಚಿನ ಕೆಲಸ, ಯಾರು ಯಾವಾಗ ತೆಗೆಯುತ್ತಾರೆ ಎಂಬುದನ್ನು ಬರೆದಿಟ್ಟು ಆ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆಯಬೇಕು. ‘ಕೋಡ್ ಚೆನ್ನಾಗಿಲ್ಲ’ ಎಂದರೆ ಅವರಿಗೆ ಏನೂ ಅರ್ಥವಾಗದು. ‘ತಿಂಗಳಿಗೆ ಎರಡು ದಿನ ನಿಮ್ಮವರು ಕೈಯಲ್ಲಿ ತಾಳೆ ನೋಡಬೇಕು’ ಎಂದರೆ ಅರ್ಥವಾಗುತ್ತದೆ.

2022ರ ಜೂನ್‌ನಲ್ಲಿ, ಗಡುವಿಗೆ ಕೆಲವೇ ದಿನ ಇರುವಾಗ, ರಿಸರ್ವ್ ಬ್ಯಾಂಕ್ ಅದನ್ನು ಸೆಪ್ಟೆಂಬರ್ 30ಕ್ಕೆ ಮುಂದೂಡಿತು. ಈ ಕಥೆ ಹೇಳುವ ಅಭ್ಯರ್ಥಿಗೆ ಸಂದರ್ಶಕರ ಮುಂದಿನ ಪ್ರಶ್ನೆ ಅಲ್ಲೇ ಇದೆ: ಸಿಕ್ಕ ಮೂರು ತಿಂಗಳಲ್ಲಿ ಏನು ಮಾಡಿದಿರಿ? ಹೊಸ ಫೀಚರ್ ಕೇಳಿಕೊಂಡು ಮಾರ್ಕೆಟಿಂಗ್‌ನವರು ಬಾಗಿಲಲ್ಲಿ ನಿಂತಿದ್ದಾಗ ಟೋಕನ್ ಕೆಲಸ ಮುಗಿಯಿತೇ, ವರದಿಗಳ ತೇಪೆ ಬರೆದಿಟ್ಟ ದಿನಾಂಕಕ್ಕೆ ಹೋಯಿತೇ, ಆ ರೀಫಂಡ್ ಎಂಜಿನಿಯರ್ ಮುಂದಿನ ಕೆಲಸಕ್ಕೆ ಕೊಟ್ಟ ಅಂದಾಜು ಎಷ್ಟು, ಹಿಡಿದದ್ದು ಎಷ್ಟು? ಸೆಪ್ಟೆಂಬರ್‌ವರೆಗಿನ ಆ ದಾಖಲೆಯನ್ನು ನೆನಪಿಟ್ಟುಕೊಂಡು ಬಂದವರೊಂದಿಗೆ ಮಾತು ಮುಂದಕ್ಕೆ ಹೋಗುತ್ತದೆ.