ಒಂದು ಪ್ರಶ್ನೆ ಇನ್ನೊಂದರ ಉತ್ತರವನ್ನು ಹೇಳಿಕೊಟ್ಟರೆ

ಪರೀಕ್ಷೆ ಸಮೀಪಿಸಿದಾಗ ಅಭ್ಯಾಸದ ಪ್ರಶ್ನೆಪತ್ರಿಕೆಯನ್ನು ಹೆತ್ತವರೋ ಅಣ್ಣ ಅಕ್ಕಂದಿರೋ ಮನೆಯಲ್ಲೇ ಸಿದ್ಧಪಡಿಸುವುದು ಗಡಿನಾಡಿನ ಕನ್ನಡ ಮಾಧ್ಯಮದ ಕುಟುಂಬಗಳಿಗೆ ಹೊಸ ಸಂಗತಿಯಲ್ಲ. ಹಳೆಯ ಪತ್ರಿಕೆಗಳಿಂದ ಕೆಲವನ್ನು ಆಯ್ದು, ಅನ್ಯಭಾಷೆಯ ಮಾರ್ಗದರ್ಶಿಯಿಂದ ಕೆಲವನ್ನು ಅನುವಾದಿಸಿ, ಇಪ್ಪತ್ತು ಪ್ರಶ್ನೆಗಳನ್ನು ಜೋಡಿಸಿದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಆದರೆ ದೋಷ ಹುಟ್ಟುವುದು ಈ ಜೋಡಣೆಯಲ್ಲಿಯೇ. ಮೂಲದ ಪತ್ರಿಕೆಗಳು ತಮ್ಮಷ್ಟಕ್ಕೆ ಶುದ್ಧವಾಗಿದ್ದರೂ ಎರಡನ್ನು ಬೆರೆಸಿದೊಡನೆ ಒಂದರ ಪ್ರಶ್ನೆ ಮತ್ತೊಂದರ ಉತ್ತರವನ್ನು ಬಯಲುಮಾಡಬಹುದು. ಆಗ ಮಗುವಿಗೆ ಬಂದ ಅಂಕ ಅದರ ತಿಳಿವಳಿಕೆಯದೋ ಪತ್ರಿಕೆಯ ಕೊಡುಗೆಯೋ ಎಂಬುದು ತಿಳಿಯದೆ, ಮತ್ತೊಮ್ಮೆ ಓದಿಸಬೇಕಾದ ಪಾಠವನ್ನು ನಾವು ಮುಗಿಯಿತೆಂದು ಬದಿಗಿಡುತ್ತೇವೆ.

ಎಂಟನೆಯ ತರಗತಿಯ ಮಗುವಿಗಾಗಿ ಹೀಗೆ ಜೋಡಿಸಿದ ಇಪ್ಪತ್ತು ಪ್ರಶ್ನೆಗಳ ಪತ್ರಿಕೆಯೊಂದನ್ನು ಊಹಿಸೋಣ. ಅದರ 3ನೆಯ ಪ್ರಶ್ನೆ: ‘ಬೇಕಲ ಕೋಟೆಯನ್ನು ಕಟ್ಟಿಸಿದ ಕೆಳದಿಯ ಅರಸ ಯಾರು?’ 11ನೆಯದು: ‘ಬೇಕಲ ಕೋಟೆಯನ್ನು ಕಟ್ಟಿಸಿದ ಶಿವಪ್ಪ ನಾಯಕನ ರಾಜಧಾನಿ ಯಾವುದು?’ ಇಲ್ಲಿ 11ನೆಯದು 3ನೆಯದರ ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ; ಇದನ್ನು ಯಾರಾದರೂ ಕಂಡುಹಿಡಿದಾರು. ಹೆಚ್ಚು ಗಮನಿಸಬೇಕಾದುದು ಎದುರುದಿಕ್ಕಿನ ಸೋರಿಕೆ. ಶಿವಪ್ಪ ನಾಯಕನ ರಾಜಧಾನಿ ಬಿದನೂರು. ಆದರೆ 3ನೆಯ ಪ್ರಶ್ನೆಯಲ್ಲಿ ‘ಕೆಳದಿಯ ಅರಸ’ ಎಂದು ಓದಿದ ಮಗು, ಅರಸು ಮನೆತನದ ಹೆಸರನ್ನೇ ಆ ಕಾಲದ ರಾಜಧಾನಿಯೆಂದು ತಿಳಿದು, 11ರಲ್ಲಿ ‘ಕೆಳದಿ’ ಎಂದು ಬರೆಯುವ ಸಂಭವವಿದೆ. ಒಂದು ಪ್ರಶ್ನೆ ಮತ್ತೊಂದಕ್ಕೆ ಸರಿಯುತ್ತರವನ್ನು ಕೊಟ್ಟಿತು. ಅದು ಪ್ರತಿಯಾಗಿ ತಪ್ಪುತ್ತರವನ್ನು ಕೊಟ್ಟಿತು. ಸುಳಿವು ಎಂದರೆ ಯಾವಾಗಲೂ ವಿದ್ಯಾರ್ಥಿಗೆ ಲಾಭವೆಂದು ಭಾವಿಸುವಂತಿಲ್ಲ.

ಪರಿಹಾರ ಕಷ್ಟವಲ್ಲ. 3ರಿಂದ ‘ಕೆಳದಿಯ’ ಎಂಬ ಮಾತನ್ನು ತೆಗೆಯಬೇಕು. 11ನ್ನು ‘ಇಕ್ಕೇರಿಯ ಬಳಿಕ ಕೆಳದಿ ಅರಸರ ರಾಜಧಾನಿಯಾದ ಊರು ಯಾವುದು?’ ಎಂದು ತಿದ್ದಬೇಕು. ಉತ್ತರಗಳೆರಡೂ ಹಾಗೆಯೇ ಉಳಿದವು, ಕೊಂಡಿ ಮಾತ್ರ ಕಳಚಿತು. ಪ್ರಶ್ನೆಗಳನ್ನು ದೂರದೂರಕ್ಕೆ ಇಡುವುದರಿಂದಾಗಲಿ, ಹಿಂದುಮುಂದು ಮಾಡುವುದರಿಂದಾಗಲಿ ಫಲವಿಲ್ಲ. ಬರೆಯುವ ಪರೀಕ್ಷೆಯಲ್ಲಿ ಮಗು ಹಾಳೆ ತಿರುವಿ ಹಿಂದಿನ ಉತ್ತರವನ್ನು ತುಂಬಬಲ್ಲುದು. ಕ್ರಮಕ್ಕೆ ಬೆಲೆ ಬರುವುದು ಬಾಯ್ದೆರೆಯ ರಸಪ್ರಶ್ನೆಯಲ್ಲಿ ಮಾತ್ರ, ಏಕೆಂದರೆ ಅಲ್ಲಿ ಕಳೆದುಹೋದ ಪ್ರಶ್ನೆ ಮರಳಿ ಬಾರದು.

ಅನುವಾದದಲ್ಲಿ ಹುಟ್ಟುವ ಸೋರಿಕೆ ಇದಕ್ಕಿಂತ ಸೂಕ್ಷ್ಮವಾದುದು. ಅದೇ ಪತ್ರಿಕೆಯ 6ನೆಯ ಪ್ರಶ್ನೆ ‘ಎಲೆಗಳಿಗೆ ಹಸಿರು ಬಣ್ಣವನ್ನು ಕೊಡುವ ವರ್ಣದ್ರವ್ಯ ಯಾವುದು?’ ಎಂದೂ 14ನೆಯದು ‘ಪತ್ರಹರಿತ್ತು ಸಸ್ಯಕೋಶದ ಯಾವ ಭಾಗದಲ್ಲಿರುತ್ತದೆ?’ ಎಂದೂ ಇರಲಿ. ಇಂಗ್ಲಿಷ್ ಪತ್ರಿಕೆಯಲ್ಲಿ 14ರಲ್ಲಿ ಕಾಣುವುದು ‘ಕ್ಲೋರೊಫಿಲ್’. ಅದು ಗ್ರೀಕ್ ಮೂಲದ ಪದವಾದುದರಿಂದ, ಅದನ್ನು ಮೊದಲೇ ಅರಿಯದ ಮಗುವಿಗೆ ಅದರ ರೂಪ ಏನನ್ನೂ ಹೇಳುವುದಿಲ್ಲ. ಕನ್ನಡದಲ್ಲಾದರೋ ಪತ್ರವೆಂದರೆ ಎಲೆ, ಹರಿತ್ತು ಎಂದರೆ ಹಸಿರು. ಪಾಠವನ್ನೇ ಓದದವನೂ ಪದವನ್ನು ಬಿಡಿಸಿ 6ಕ್ಕೆ ಉತ್ತರ ಬರೆದಾನು. ನೆರೆಯ ಭಾಷೆಗಳಲ್ಲಿಯೂ ಸ್ಥಿತಿ ಒಂದೇ ಬಗೆಯಲ್ಲ. ತೆಲುಗಿನ ‘ಪತ್ರಹರಿತಂ’ ಕನ್ನಡದಂತೆ ಎಲೆಯನ್ನೂ ಹಸಿರನ್ನೂ ಹೇಳಿದರೆ, ಮಲಯಾಳದ ‘ಹರಿತಕಂ’, ತಮಿಳಿನ ‘ಪಚ್ಚೈಯಂ’, ಮರಾಠಿಯ ‘ಹರಿತದ್ರವ್ಯ’ ಹಸಿರನ್ನಷ್ಟೇ ಹೇಳುತ್ತವೆ. ಆದುದರಿಂದ ಮೂಲಭಾಷೆಯಲ್ಲಿ ಪರಿಶೀಲಿಸಿ ಒಪ್ಪಿದ ಪತ್ರಿಕೆಯನ್ನೂ ಕನ್ನಡಕ್ಕೆ ಬಂದಮೇಲೆ ಮತ್ತೊಮ್ಮೆ ಪರಿಶೀಲಿಸದೆ ಬಿಡಬಾರದು.

ಇದನ್ನು ಸರಿಪಡಿಸಲು 14ನ್ನು ‘ದ್ಯುತಿಸಂಶ್ಲೇಷಣೆ ಸಸ್ಯಕೋಶದ ಯಾವ ಭಾಗದಲ್ಲಿ ನಡೆಯುತ್ತದೆ?’ ಎಂದು ಬದಲಿಸಿದೆವೆನ್ನಿ. ಉತ್ತರ ಅದೇ, ಕ್ಲೋರೊಪ್ಲಾಸ್ಟ್, ಪತ್ರಹರಿತ್ತು ಮರೆಯಾಯಿತು. ಆದರೆ 17ನೆಯ ಪ್ರಶ್ನೆಯನ್ನು ನೋಡಿದರೆ, ‘ಬೆಳಕಿನ ನೆರವಿನಿಂದ ಸಸ್ಯಗಳು ಆಹಾರವನ್ನು ತಯಾರಿಸುವ ಕ್ರಿಯೆಗೆ ಏನೆನ್ನುತ್ತಾರೆ?’ ಎಂದಿದೆ! ಒಂದು ತೂತನ್ನು ಮುಚ್ಚಲು ಹಾಕಿದ ತೇಪೆಯೇ ಇನ್ನೊಂದು ತೂತಾಯಿತು. ಒಂದು ಪ್ರಶ್ನೆಯನ್ನು ತಿದ್ದಿದರೆ ಇಡೀ ಪತ್ರಿಕೆಯನ್ನು ಮೊದಲಿಂದ ನೋಡಬೇಕೆಂಬುದು ಇದಕ್ಕಾಗಿಯೇ. ಇಲ್ಲಿ ನನ್ನ ಆಯ್ಕೆ 17ನ್ನು ಕೈಬಿಟ್ಟು ಮುಂದಿನ ವಾರದ ಪತ್ರಿಕೆಗೆ ಕಾದಿರಿಸುವುದು. ಎಲ್ಲವನ್ನೂ ಒಂದೇ ಪತ್ರಿಕೆಯಲ್ಲಿ ಉಳಿಸಿಕೊಳ್ಳುವ ಹಟದಿಂದ ಪ್ರಶ್ನೆಗಳ ಭಾಷೆ ಸೊಟ್ಟಗಾಗುತ್ತದೆ.

ಇನ್ನು ಪರಿಶೀಲಿಸುವ ಬಗೆ. ಇಪ್ಪತ್ತು ಪ್ರಶ್ನೆಗಳಲ್ಲಿ ಎರಡೆರಡನ್ನು ಹೋಲಿಸಹೊರಟರೆ 190 ಜೋಡಿಗಳಾಗುತ್ತವೆ; ಅಷ್ಟು ಓದಿದ ಕಣ್ಣು ಹತ್ತನೆಯ ಜೋಡಿಗೇ ಸೋತಿರುತ್ತದೆ. ಅದರ ಬದಲು ಉತ್ತರಗಳನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದುಕೊಂಡು, ಒಂದೊಂದು ಉತ್ತರವನ್ನು ಹಿಡಿದು ಪತ್ರಿಕೆಯನ್ನು ಒಮ್ಮೆ ಹುಡುಕಬೇಕು. ಪ್ರಶ್ನೆಯ ವಾಕ್ಯವಷ್ಟೇ ಅಲ್ಲ, ಬಹು ಆಯ್ಕೆಯ ಉತ್ತರಗಳು, ಚಿತ್ರದೊಳಗಿನ ಹೆಸರುಗಳು, ಮೇಲಿನ ಸೂಚನೆಗಳು ಎಲ್ಲವನ್ನೂ ನೋಡಬೇಕು. ಸುಳಿವು ಅಡಗುವುದು ಹೆಚ್ಚಾಗಿ ಚಿತ್ರದಲ್ಲಿ. ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಹುಡುಕುವವರು ಕನ್ನಡದ ವಿಭಕ್ತಿಗಳನ್ನು ಮರೆಯಬಾರದು. ‘ಬಿದನೂರು’ ಎಂದು ಟೈಪಿಸಿದರೆ ‘ಬಿದನೂರಿನ’ ಸಿಕ್ಕದು. ‘ಪತ್ರಹರಿತ್ತು’ ಎಂದರೆ ‘ಪತ್ರಹರಿತ್ತಿನಿಂದ’ ತಪ್ಪಿಹೋಗುತ್ತದೆ. ಪದದ ಮೊದಲ ಎರಡು ಮೂರು ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕುವುದು ಕ್ಷೇಮ. ಬೇರೆ ಮಾತಿನಲ್ಲಿ ಅದೇ ಅರ್ಥ ಹೇಳಿರುವುದನ್ನು ಯಂತ್ರ ಕಾಣದು. ಅದಕ್ಕೆ ಕಣ್ಣೇ ಬೇಕು.

ಗಣಿತದಲ್ಲಿ ಪದಕ್ಕೆ ಬದಲಾಗಿ ಸಂಖ್ಯೆ ಸೋರುತ್ತದೆ. ‘ಪರಿಧಿ 44 ಸೆಂ.ಮೀ. ಇರುವ ವೃತ್ತದ ತ್ರಿಜ್ಯವೆಷ್ಟು?’ ಎಂದು ಕೇಳಿ, ಮುಂದೆ ‘7 ಸೆಂ.ಮೀ. ತ್ರಿಜ್ಯವೂ 44 ಸೆಂ.ಮೀ. ಪರಿಧಿಯೂ ಇರುವ ವೃತ್ತದ ವಿಸ್ತೀರ್ಣವೆಷ್ಟು?’ ಎಂದರೆ ಮೊದಲನೆಯದನ್ನು ಕೇಳಿಯೂ ಕೇಳದಂತಾಯಿತು. ಎರಡನೆಯದರಲ್ಲಿ 14 ಸೆಂ.ಮೀ. ತ್ರಿಜ್ಯವನ್ನು ಕೊಟ್ಟು ಪರಿಧಿಯ ಮಾತನ್ನು ಬಿಟ್ಟರೆ ಸಾಕು. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಎಡಕ್ಕೆ ಐದು ಇದ್ದರೆ ಬಲಕ್ಕೆ ಏಳನ್ನಿಡುವುದು ಲೇಸು. ಐದಕ್ಕೆ ಐದೇ ಇದ್ದರೆ ನಾಲ್ಕನ್ನು ಅರಿತವನಿಗೆ ಐದನೆಯದು ಉಚಿತ.

ಕೊನೆಯ ಪರೀಕ್ಷೆಗೆ ಆ ಪಾಠವನ್ನು ಓದದ ಒಬ್ಬರು ಬೇಕು. ಕೆಳಗಿನ ತರಗತಿಯ ತಂಗಿಯಾದರೂ ಆದೀತು, ಅಜ್ಜಿಯಾದರೂ ಸರಿ. ಪತ್ರಿಕೆಯನ್ನು ಅವರ ಕೈಗೆ ಕೊಟ್ಟು, ಗೊತ್ತಿದ್ದುದನ್ನಲ್ಲ, ಪತ್ರಿಕೆಯಿಂದಲೇ ಊಹಿಸಬಹುದಾದುದನ್ನು ಬರೆಯಲು ಹೇಳಬೇಕು. ಅವರು ಸರಿಯಾಗಿ ಬರೆದ ಪ್ರತಿ ಉತ್ತರಕ್ಕೂ ‘ಇದು ಎಲ್ಲಿಂದ ಹೊಳೆಯಿತು?’ ಎಂದು ಕೇಳಿದರೆ ಬೆರಳು ನೇರವಾಗಿ ಸೋರುವ ಪ್ರಶ್ನೆಯತ್ತ ಹೋಗುತ್ತದೆ. ನಾವು ನೋಡಿ ಶುದ್ಧವೆಂದುಕೊಂಡ ಪತ್ರಿಕೆಯಲ್ಲಿಯೂ ಹೀಗೆ ಒಂದೆರಡು ಸಿಕ್ಕುವುದುಂಟು, ಏಕೆಂದರೆ ಉತ್ತರ ಬಲ್ಲವರ ಕಣ್ಣಿಗೆ ಸುಳಿವು ಸುಳಿವಾಗಿ ಕಾಣುವುದಿಲ್ಲ.

ಗದ್ಯಭಾಗವನ್ನೋ ನಕ್ಷೆಯನ್ನೋ ಕೊಟ್ಟು ಅದರ ಮೇಲೆ ನಾಲ್ಕು ಪ್ರಶ್ನೆ ಕೇಳಿದಾಗ ಉತ್ತರ ಪತ್ರಿಕೆಯೊಳಗೆ ಇರುವುದು ಸಹಜ. ಅಲ್ಲಿ ಅಳೆಯುವುದು ಓದಿ ಗ್ರಹಿಸುವ ಶಕ್ತಿಯನ್ನೇ. ಆದರೆ ಆ ನಾಲ್ಕರಲ್ಲಿಯೂ ಮೊದಲನೆಯದರ ಉತ್ತರವಿಲ್ಲದೆ ಎರಡನೆಯದು ಬಿಡಿಸಲಾಗದಂತಿದ್ದರೆ, ಒಂದು ತಪ್ಪಿಗೆ ಮಗು ಎರಡು ಬಾರಿ ಅಂಕ ಕಳೆದುಕೊಳ್ಳುತ್ತದೆ. ಅಂತಹ ಕಡೆ ಎರಡನೆಯ ಪ್ರಶ್ನೆಗೆ ಬೇಕಾದ ಸಂಖ್ಯೆಯನ್ನೋ ಹೆಸರನ್ನೋ ಹೊಸದಾಗಿ ಒದಗಿಸಿಕೊಡಬೇಕು. ಹಾಗೆ ಒದಗಿಸಿದುದು ಮೊದಲನೆಯದರ ಉತ್ತರವೇ ಆಗಿರಬಾರದು.